ಮಘಿ ಮಳೆಗೆ ಮಾನ್ಯರ ಸನ್ನಿಧಾನದಲ್ಲಿ ಜಾಗವಿಲ್ಲ

ಮೊಮ್ಮಗನ ನೋಟುಬುಕ್ಕಿನಿಂದ ಹರಿದ ಹಾಳೆ. ಅದರ ಮೇಲೆ ಕಾಕಾನ ಕೈಬರಹ. ಇದ್ದದ್ದು ಇಷ್ಟು:

"ಡೀಸಿ ಸಾಹೇಬ್ರಿಗೆ. ನಂದು ನಾಕ ಎಕರೆ ಎರಿಹೊಲ. ಮಿರಗಕ್ಕ ಹೆಸರ ಬಿತ್ತೀನಿ. ಚಲೋ ಬಂದಿತ್ತು. ಮಘಿ ಮಳಿ ಎಂಟ ದಿನ ಬಿಡಲಿಲ್ಲ. ಕಾಯಿ ಬಿಡಸಾಕ ಹೊಲದಾಗ ಕಾಲ ಇಡಾಕ ಆಗಲಿಲ್ಲ. ಕಾಯಿ ಒಳಗ ಕಾಳು ಮೊಳಕಿ ಒಡದಾವು. ಪೂರ್ತಿ ಹೋತು. ನಿಮ್ಮ ಮಂದಿ ಬಂದಿದ್ರು, ರಸ್ತಾದಾಗ ಜೀಪ ನಿಂದರಿಸಿ ನೋಡಿ ಹೋದ್ರು. ದೂರಿಂದ ಹಸರ ಕಾಣತೈತಿ, ಇಳದು ಕಾಯಿ ಒಡದು ನೋಡ್ರಿ. ಮತ್ತ ನನ್ನ ಹೊಲದಾಗ ಗೋವಿನಜ್ವಾಳ ಐತಿ ಅಂತ ಬರದಾರಂತ. ಯಾರು ಬರದಾರ ಅವರನ್ನ ಕೇಳ್ರಿ. ರೊಕ್ಕ ಬರಬೇಕು, ಕೊಡ್ರಿ."

ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ಇದಕ್ಕಿಂತ ನೆಟ್ಟಗಿನ ಗದ್ಯವನ್ನು ನನ್ನ ಯಾವ ವಿದ್ಯಾರ್ಥಿಯೂ ಬರೆದಿಲ್ಲ. ನಾನಂತೂ ಬರೆದೇ ಇಲ್ಲ.

ಡೀಸಿ ಕಚೇರಿಯ ಟಪಾಲು ಶಾಖೆಯಲ್ಲಿದ್ದ ತಮ್ಮ ಎರಡು ಸಾಲು ಓದಿ ವಾಪಸ್ ಕೊಟ್ಟನಂತೆ. "ಅರ್ಜಿಗೆ ಒಂದು ಭಾಷಾ ಅಂತ ಇರತೈತಿ, ಯಜಮಾನ್ರ. ಹಿಂಗ ಬರದ್ರ ಸಾಹೇಬ್ರ ಮುಂದ ಇಡಾಕ ಬರೂದಿಲ್ಲ. ಯಾರ ಕಡಿಂದರ ಸರಿಯಾಗಿ ಬರಸ್ಕೊಂಡು ಬರ್ರಿ."

ಸರಿಯಾಗಿ. ಆ ಪದ ನನಗೆ ಇನ್ನೂ ಚುಚ್ಚುತ್ತಿದೆ.

ಕಾಕಾ ನೇರವಾಗಿ ನಮ್ಮ ಮನೆಗೆ ಬಂದ. "ಮಾಸ್ತರ, ಇದನ್ನ ಅವರ ಭಾಷಾದಾಗ ಮಾಡಿಕೊಡ್ರಿ" ಅಂದ. ಕನ್ನಡದಿಂದ ಕನ್ನಡಕ್ಕೆ ಅನುವಾದ! ರಾಜ್ಯದಲ್ಲಿ 1963ರಿಂದ ರಾಜಭಾಷಾ ಅಧಿನಿಯಮವಿದೆ. ಆಡಳಿತ ಕನ್ನಡದಲ್ಲಿ ನಡೆಯಬೇಕು ಅಂತ ಆಸೆಪಟ್ಟೆವು, ನಡೆಯಿತು. ಯಾವ ಕನ್ನಡದಲ್ಲಿ ಅಂತ ಕೇಳುವುದನ್ನು ಮರೆತೆವು.

ಕೂತು ಶುರು ಮಾಡಿದೆ. ಒಪ್ಪಿಕೊಳ್ಳುತ್ತೇನೆ, ಪಾಪ ನನ್ನದು.

"ಡೀಸಿ ಸಾಹೇಬ್ರಿಗೆ" ಎಂಬುದು "ಮಾನ್ಯ ಜಿಲ್ಲಾಧಿಕಾರಿಗಳವರ ಸನ್ನಿಧಾನಕ್ಕೆ" ಆಯಿತು. ಸನ್ನಿಧಾನ ದೇವರದು ಅಥವಾ ಮಠದ್ದು. ಆದರೆ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕೆತ್ತಿ ಕೂರಿಸಿದ ಮೇಲೆ ಅರ್ಜಿ ಪ್ರಾರ್ಥನೆಯಾಗದೆ ಇನ್ನೇನಾದೀತು? ಪೂಜಾರಿ ಯಾರು, ಕಾಯಿ ಒಡೆಸುವುದು ಎಲ್ಲಿ ಎನ್ನುವುದೂ ಭಕ್ತರಿಗೆ ಗೊತ್ತಿದೆ.

ಆಮೇಲೆ ವಿಷಯ. ಆಮೇಲೆ ಉಲ್ಲೇಖ. ಉಲ್ಲೇಖಿಸಲು ಕಾಕಾನ ಹತ್ತಿರ ಮಳೆ ಬಿಟ್ಟು ಬೇರೇನೂ ಇರಲಿಲ್ಲ. ಖಾಲಿ ಬಿಟ್ಟರೆ ಕೆಟ್ಟದಾಗಿ ಕಾಣುತ್ತದೆ ಅಂತ ಒಂದು ಗೆರೆ ಎಳೆದೆ.

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅತ್ಯಂತ ವಿನಯಪೂರ್ವಕವಾಗಿ ವಿನಂತಿಸಿಕೊಳ್ಳುವುದೇನೆಂದರೆ." ಈ ಸಾಲಿಗೆ ಅರ್ಥವಿಲ್ಲ. ಇದು ಚಪ್ಪಲಿ ಬಿಡುವ ಜಾಗ.

"ನಂದು ನಾಕ ಎಕರೆ ಎರಿಹೊಲ" ಎಂಬುದು "ನಾನು ಒಬ್ಬ ಬಡ ರೈತನಾಗಿದ್ದು, ಅಲ್ಪಸ್ವಲ್ಪ ಜಮೀನನ್ನು ಹೊಂದಿದ್ದು, ಕೃಷಿಯನ್ನೇ ನಂಬಿ ಜೀವನ ಸಾಗಿಸುತ್ತಿರುತ್ತೇನೆ" ಆಯಿತು. ಕಾಕಾ ತಡೆದ. "ನಾ ಬಡವ ಅಂತ ಎಲ್ಲಿ ಬರದೀನ್ರಿ?" ನಿಜ, ಬರೆದಿರಲಿಲ್ಲ. ನಾಲ್ಕು ಎಕರೆ ಇದೆ ಅಂತ ಬರೆದಿದ್ದ. ನಾಲ್ಕು ಎಕರೆ ಹೋಗಿ ಅಲ್ಪಸ್ವಲ್ಪ ಆಯಿತು. ಅಲ್ಪಸ್ವಲ್ಪಕ್ಕೆ ಹೆಕ್ಟೇರಿನ ಲೆಕ್ಕ ಹಾಕಲು ಬರುವುದಿಲ್ಲ. ಇರಲಿ, ವಿನಯ ಬಂತಲ್ಲ.

ವೇದಿಕೆಯ ಮೇಲೆ ಇವನು ಅನ್ನದಾತ, ದೇಶದ ಬೆನ್ನೆಲುಬು. ಅರ್ಜಿಯಲ್ಲಿ ಬಡ ರೈತ. ಕಡತದಲ್ಲಿ ಸದರಿ ಅರ್ಜಿದಾರ. ಒಬ್ಬನೇ ಮನುಷ್ಯ. ವೇದಿಕೆಯಿಂದ ಕಡತಕ್ಕೆ ಬರುವಷ್ಟರಲ್ಲಿ ಬೆನ್ನೆಲುಬು ಎಲ್ಲೋ ಕಳಚಿ ಬೀಳುತ್ತದೆ.

"ಮಘಿ ಮಳಿ ಎಂಟ ದಿನ ಬಿಡಲಿಲ್ಲ." ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಮಘಿ ಮಳೆ ಅಂದರೆ ಆಗಸ್ಟ್ ಹದಿನಾರು, ಹದಿನೇಳರಿಂದ ತಿಂಗಳ ಕೊನೆಯವರೆಗೆ. ಮಿರಗ ಅಂದರೆ ಜೂನ್ ಎರಡನೇ ವಾರ. ಹೆಸರು ಎಪ್ಪತ್ತು ದಿನದ ಬೆಳೆ. ಮಿರಗಕ್ಕೆ ಬಿತ್ತಿದ ಹೆಸರು ಕೊಯ್ಲಿಗೆ ಬರುವುದು ಸರಿಯಾಗಿ ಮಘಿಯಲ್ಲಿ. ಅಂದರೆ ಬಿತ್ತನೆಯ ಕಾಲ, ಹಾನಿಯ ಕಾಲ, ಹಾನಿಯಾದಾಗ ಬೆಳೆ ಯಾವ ಹಂತದಲ್ಲಿತ್ತು, ಎಲ್ಲವನ್ನೂ ಆ ಮನುಷ್ಯ ಎರಡು ನಕ್ಷತ್ರಗಳಲ್ಲಿ ಹೇಳಿ ಮುಗಿಸಿದ್ದ. ಕೃಷಿ ಅಧಿಕಾರಿಯ ವರದಿಗೆ ಇನ್ನೇನು ಬೇಕು?

ಆದರೆ ಸನ್ನಿಧಾನಕ್ಕೆ ಮಘಿ ಮಡಿಯಲ್ಲ. "ಇತ್ತೀಚೆಗೆ ಸುರಿದ ಅತಿವೃಷ್ಟಿಯಿಂದಾಗಿ" ಅಂತ ಬರೆದೆ. ಇತ್ತೀಚೆಗೆ ಅಂದರೆ ಯಾವಾಗ? ಕೇಳಬೇಡಿ. ಸರ್ಕಾರಿ ಕನ್ನಡದಲ್ಲಿ ಅದು ನಿನ್ನೆಯೂ ಆಗಬಹುದು, ಹೋದ ವರ್ಷವೂ ಆಗಬಹುದು.

"ಕಾಯಿ ಒಳಗ ಕಾಳು ಮೊಳಕಿ ಒಡದಾವು." ಇಡೀ ಅರ್ಜಿಯ ಜೀವ ಈ ಸಾಲಿನಲ್ಲಿತ್ತು.

ಹೆಸರು ಬೆಳೆಯದವರಿಗೆ ಹೇಳುತ್ತೇನೆ. ಮಾಗಿದ ಹೆಸರಿನ ಕಾಯಿ ಕಪ್ಪಾಗುತ್ತದೆ. ಆಗ ಎರಡು ದಿನ ಬಿಸಿಲು ಬಿದ್ದರೆ ಬಂಗಾರ, ಬಿಡಿಸಿ ಒಕ್ಕಬಹುದು. ಮಳೆ ಹಿಡಿದರೆ ಕಾಯಿ ನೀರು ಕುಡಿಯುತ್ತದೆ, ಒಳಗಿನ ಕಾಳು ಗಿಡದ ಮೇಲೇ ಮೊಳೆಯುತ್ತದೆ. ಉಳಿದದ್ದಕ್ಕೆ ಬೂಷ್ಟು. ಎರಿಮಣ್ಣು ಹಸಿಯಾದರೆ ಕಾಲಿಗೆ ಮೆತ್ತಿ ಐದು ಕೆಜಿ ಆಗುತ್ತದೆ, ಆಳು ಒಳಗೆ ಇಳಿಯುವುದಿಲ್ಲ. ತಮಾಷೆ ಏನೆಂದರೆ, ಅದೇ ಮಳೆಗೆ ಎಲೆ ಮಾತ್ರ ಹಸಿರಾಗಿ, ಸೊಂಪಾಗಿ, ಹೊಸ ಚಿಗುರಿನ ಸಮೇತ ನಿಂತಿರುತ್ತದೆ. ರಸ್ತೆಯಿಂದ ನೋಡಿದವನಿಗೆ ಇದು ಈ ವರ್ಷದ ಅತ್ಯುತ್ತಮ ಬೆಳೆ. ಹತ್ತಿರ ಹೋಗಿ ಒಂದು ಕಾಯಿ ಹೆಬ್ಬೆರಳಲ್ಲಿ ಸೀಳಿದರೆ ಒಳಗೆ ಬಿಳಿ ಬಾಲ ಬಂದ ಕಾಳು, ಕಪ್ಪು ಪುಡಿ, ಹುಳಿ ವಾಸನೆ.

ಜೀಪಿನಿಂದ ಇಳಿದು ಕಾಯಿ ಒಡೆದು ನೋಡಿ ಅಂತ ಕಾಕಾ ಬರೆದದ್ದು ಉದ್ಧಟತನಕ್ಕಲ್ಲ. ಅದು ತಪಾಸಣೆಯ ವಿಧಾನ. ಹೆಸರಿನ ಹಾನಿಯನ್ನು ಗುರುತಿಸಲು ಬೇರೆ ದಾರಿಯೇ ಇಲ್ಲ.

ನಾನು ಏನು ಬರೆದೆ? "ಸದರಿ ಬೆಳೆಯು ಗಣನೀಯ ಪ್ರಮಾಣದಲ್ಲಿ ಹಾನಿಗೊಳಗಾಗಿದ್ದು, ಮಾನ್ಯರು ದಯಮಾಡಿ ಸ್ಥಳ ಪರಿಶೀಲನೆಗೆ ಆದೇಶಿಸಬೇಕಾಗಿ."

ಮೊಳಕೆ ಹೋಯಿತು. ಕಾಯಿ ಹೋಯಿತು. ಜೀಪು ಗೌರವಪೂರ್ವಕವಾಗಿ ಹೋಯಿತು. "ಪೂರ್ತಿ ಹೋತು" ಎಂಬುದು "ಗಣನೀಯ" ಆಯಿತು. ಇದು ಬರೀ ಶೈಲಿಯ ಮಾತಲ್ಲ. ವಿಕೋಪ ಪರಿಹಾರ ನಿಧಿಯ ಮಾನದಂಡದ ಪ್ರಕಾರ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು. ಮೊದಲು ಶೇ 50 ಇತ್ತು, 2015ರಲ್ಲಿ ಇಳಿಸಿದರು. ಮೂವತ್ತಾದರೆ ಸೊನ್ನೆ, ಮೂವತ್ಮೂರಾದರೆ ಹಣ. ಪೂರ್ತಿ ಅಂದರೆ ನೂರು. ಗಣನೀಯ ಅಂದರೆ ಎಷ್ಟು? ಇಪ್ಪತ್ತೂ ಗಣನೀಯವೇ. ನನ್ನ ಸಭ್ಯ ಭಾಷೆ ಕಾಕಾನ ಹಾನಿಯನ್ನು ಅರ್ಹತೆಯ ಗೆರೆಯ ಈಚೆಗೂ ಎಳೆಯಬಹುದು, ಆಚೆಗೂ ತಳ್ಳಬಹುದು. ಆ ಹಗ್ಗವನ್ನು ನಾನೇ ಹೊಸೆದು ಅವರ ಕೈಗೆ ಕೊಟ್ಟೆ.

ಇನ್ನು ಗೋವಿನಜೋಳ. ಸಾಹೇಬರ ಕನ್ನಡದಲ್ಲಿ ಮೆಕ್ಕೆಜೋಳ.

ಇದೂ ದೊಡ್ಡ ಕಥೆಯೇ. ಹೊಲದಲ್ಲಿ ಏನು ಬೆಳೆದಿದೆ ಅಂತ ಈಗ ಬೆಳೆ ಸಮೀಕ್ಷೆ ಆ್ಯಪ್ ಹೇಳುತ್ತದೆ. ರೈತ ತಾನೇ ಹೊಲದಲ್ಲಿ ನಿಂತು ಫೋಟೊ ತೆಗೆದು ಹಾಕಬಹುದು. ಹಾಕದಿದ್ದರೆ ಖಾಸಗಿ ನಿವಾಸಿ ಎಂಬ ಹೆಸರಿನ ಊರ ಹುಡುಗ ಬಂದು ತೆಗೆಯುತ್ತಾನೆ. ಕಾಕಾನ ಹತ್ತಿರ ಇರುವುದು ಬಟನ್ ಫೋನು. ಹುಡುಗ ಬಂದ. ಹಸಿ ಇದ್ದ ಹೊಲಕ್ಕೆ ಇಳಿಯಲಿಲ್ಲ, ಬದುವಿನ ಮೇಲೆ ನಿಂತ. ಬದುವಿನ ಆಚೆ ಪಕ್ಕದವನ ಗೋವಿನಜೋಳ ಎದೆಯೆತ್ತರ ನಿಂತಿತ್ತು, ಈಚೆ ಹೆಸರು ಮೊಣಕಾಲೆತ್ತರ. ಫೋಟೊದಲ್ಲಿ ಎತ್ತರದವನೇ ಕಾಣುವುದು ಲೋಕರೂಢಿ. ಆ ದತ್ತಾಂಶವೇ ಪಹಣಿಗೆ ಹೋಯಿತು. ವಿಮೆಗೂ ಅದೇ ಆಧಾರ, ಪರಿಹಾರಕ್ಕೂ ಅದೇ ಆಧಾರ. ತಪ್ಪಿದ್ದರೆ ಆಕ್ಷೇಪಣೆ ಹಾಕಲು ಬೆಳೆ ದರ್ಶಕ್ ಅಂತ ಇನ್ನೊಂದು ಆ್ಯಪ್ ಇದೆ. ಆ್ಯಪಿನ ತಪ್ಪಿಗೆ ಆ್ಯಪಿನಲ್ಲೇ ಅಳಬೇಕು. ಬಟನ್ ಫೋನಿನವನು ಎಲ್ಲಿ ಅಳಬೇಕು ಅನ್ನುವುದಕ್ಕೆ ಆ್ಯಪ್ ಬಂದಿಲ್ಲ.

ಕಾಕಾ ಬರೆದದ್ದು: "ಯಾರು ಬರದಾರ ಅವರನ್ನ ಕೇಳ್ರಿ." ಒಂದು ಕರ್ತೃ, ಒಂದು ಕ್ರಿಯೆ, ಒಂದು ಬೇಡಿಕೆ.

ನಾನು ಬರೆದದ್ದು: "ಬೆಳೆ ವಿವರದಲ್ಲಿ ಕಣ್ತಪ್ಪಿನಿಂದ ವ್ಯತ್ಯಾಸವುಂಟಾಗಿರುತ್ತದೆ."

ಯಾರ ಕಣ್ಣು? ಯಾರದೂ ಅಲ್ಲ. ವ್ಯತ್ಯಾಸ ತಾನಾಗಿಯೇ ಉಂಟಾಯಿತು, ಗೋಡೆಯ ಮೇಲೆ ಪಾಚಿ ಉಂಟಾದ ಹಾಗೆ. ಮಾಧ್ಯಮಿಕ ಶಾಲೆಯಲ್ಲಿ ಕರ್ತರಿ ಪ್ರಯೋಗವನ್ನು ಕರ್ಮಣಿಗೆ ಬದಲಾಯಿಸಿ ಅಂತ ಎರಡು ಅಂಕದ ಪ್ರಶ್ನೆ ಕೊಡುತ್ತಿದ್ದೆ. ಮಕ್ಕಳು ಇದೆಲ್ಲ ಯಾಕೆ ಸರ್ ಅಂತ ಕೇಳುತ್ತಿದ್ದರು. ಈಗ ಉತ್ತರ ಗೊತ್ತಾಯಿತು. ಮಾಡಿದವನನ್ನು ವಾಕ್ಯದಿಂದ ಸುರಕ್ಷಿತವಾಗಿ ಹೊರಗೆ ಕಳಿಸಲಿಕ್ಕೆ.

ಕೊನೆಯ ಸಾಲು, "ರೊಕ್ಕ ಬರಬೇಕು, ಕೊಡ್ರಿ." ಇದನ್ನು ಹಾಗೇ ಬಿಟ್ಟರೆ ಟಪಾಲಿನ ತಮ್ಮ ಮೂರ್ಛೆ ಹೋಗುತ್ತಿದ್ದ. "ಮಾನ್ಯರು ನನ್ನ ಮೇಲೆ ಕೃಪೆದೋರಿ, ನಿಯಮಾನುಸಾರ ಸೂಕ್ತ ಪರಿಹಾರ ಮಂಜೂರು ಮಾಡಿಸಿಕೊಡಬೇಕಾಗಿ ಕಳಕಳಿಯ ಪ್ರಾರ್ಥನೆ" ಅಂತ ಬರೆದೆ.

ಕೃಪೆ ಮತ್ತು ನಿಯಮಾನುಸಾರ ಒಂದೇ ವಾಕ್ಯದಲ್ಲಿ. ನಿಯಮ ಇದ್ದರೆ ಕೃಪೆ ಯಾಕೆ? ಕೃಪೆಯಿಂದ ಆಗುವುದಾದರೆ ನಿಯಮ ಯಾಕೆ? ನಮ್ಮ ಯಾವ ಅರ್ಜಿಯೂ ಈ ಪ್ರಶ್ನೆ ಕೇಳುವುದಿಲ್ಲ. ಎರಡಕ್ಕೂ ಒಂದೊಂದು ನಮಸ್ಕಾರ ಹಾಕಿ ಮುಂದೆ ಹೋಗುತ್ತದೆ.

ಇಷ್ಟೆಲ್ಲ ಅಡ್ಡಬೀಳುವುದು ಎಷ್ಟಕ್ಕೆ? ಲೆಕ್ಕ ಹಾಕೋಣ. 2025–26ರಲ್ಲಿ ಮಳೆಯಾಶ್ರಿತ ಬೆಳೆಗೆ ಕೇಂದ್ರದ ಮಾನದಂಡ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಗುಂಟೆಗೆ 86 ರೂಪಾಯಿ ಬಿತ್ತು. ಕಾಕಾನ ನಾಲ್ಕು ಎಕರೆಗೆ 13,700 ಚಿಲ್ಲರೆ. ರಾಜ್ಯ ಸರ್ಕಾರ ಮನಸ್ಸು ಮಾಡಿ ತನ್ನದನ್ನೂ ಸೇರಿಸಿದ ವರ್ಷ ಇನ್ನಷ್ಟು. 2025–26ರಲ್ಲಿ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಎಕರೆಗೆ ಮೂರೇ ಕ್ವಿಂಟಲ್ ಅಂದುಕೊಂಡರೂ ಕೊಳೆತದ್ದು ಒಂದು ಲಕ್ಷದ ಮೇಲೆ. ಕೊಡುವವರೂ ಇದನ್ನು ನಷ್ಟ ಪರಿಹಾರ ಅನ್ನುವುದಿಲ್ಲ. ಮಾನದಂಡದಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ಮುಂದಿನ ಬಿತ್ತನೆಗೆ ಬೀಜ, ಗೊಬ್ಬರ ತಗೋ ಅಂತ ಕೊಡುವ ನೆರವಿನಂಥದ್ದು. ಆದರೆ ಹಣ ಹಾಕುವ ತಂತ್ರಾಂಶಕ್ಕೆ ಮಾತ್ರ ಪರಿಹಾರ ಅಂತ ಹೆಸರಿಟ್ಟಿದ್ದಾರೆ. ಹೆಸರಿಡುವುದರಲ್ಲಿ ನಾವು ಯಾವತ್ತೂ ಧಾರಾಳಿಗಳು.

ಅರ್ಜಿ ಒಂದೂವರೆ ಪುಟ ಆಯಿತು. ಡಿಟಿಪಿ ಅಂಗಡಿಯವನು ನುಡಿಯಲ್ಲಿ ಹೊಡೆದು, ಮಾನ್ಯರೇ ಎಂಬುದನ್ನು ತಾನಾಗಿಯೇ ದಪ್ಪ ಅಕ್ಷರ ಮಾಡಿಕೊಟ್ಟ. ಓದಿ ನೋಡಿದೆ. ಘನತೆಯಿತ್ತು. ಗಾಂಭೀರ್ಯವಿತ್ತು. ಹೊಲದ ಸರ್ವೆ ನಂಬರು ಇರಲಿಲ್ಲ.

ಹೌದು, ನಾನೇ ಮರೆತಿದ್ದೆ. ವಿನಯಕ್ಕೆ ಅರ್ಧ ಪುಟ ಕೊಟ್ಟವನು ಸರ್ವೆ ನಂಬರಿಗೆ ಅರ್ಧ ಸಾಲು ಕೊಟ್ಟಿರಲಿಲ್ಲ. ಹಣ ಬರಲು ಬೇಕಾದದ್ದು ಸರ್ವೆ ನಂಬರು, ಹಿಸ್ಸಾ, ಬೆಳೆ, ವಿಸ್ತೀರ್ಣ, ಎಫ್‌ಐಡಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ತಂತ್ರಾಂಶಕ್ಕೆ ಕಳಕಳಿ ಅರ್ಥವಾಗುವುದಿಲ್ಲ, ಪ್ರಾರ್ಥನೆಗೆ ಅಲ್ಲಿ ಕಾಲಮ್ಮೇ ಇಲ್ಲ. ಕೊನೆಯಲ್ಲಿ ಪೆನ್ನಿನಿಂದ ಗೀಚಿ ಸೇರಿಸಿದೆವು. ಇಡೀ ಅರ್ಜಿಯಲ್ಲಿ ಕೆಲಸಕ್ಕೆ ಬರುವಂಥದ್ದು ಆ ಗೀಚು ಮಾತ್ರ. ನೋಡಲಿಕ್ಕೆ ಹೊಲಸಾಗಿ ಕಂಡದ್ದೂ ಅದೇ.

ಟಪಾಲಿನ ತಮ್ಮ ಈ ಸಲ ಓದಲೇ ಇಲ್ಲ. ಮೊದಲ ಸಾಲು ನೋಡಿದ, ಸೀಲು ಹೊಡೆದ. "ಈಗ ಅರ್ಜಿ ಆತು ನೋಡ್ರಿ" ಅಂದ.

ಈ ಸೌಂದರ್ಯವರ್ಧನೆಗೆ ಹಿಡಿದದ್ದು ಒಂಬತ್ತು ದಿನ. ನಡುವೆ ಗಣಪತಿ ಹಬ್ಬ, ಭಾನುವಾರ, ಸಾಹೇಬರ ಮೀಟಿಂಗು. ಬೆಳೆ ವಿಮೆ ಮಾಡಿಸಿದವರು ಹೊಲದಲ್ಲಿ ನೀರು ನಿಂತಂಥ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಕಾಕಾ ಪ್ರೀಮಿಯಂ ಕಟ್ಟಿದ್ದ. ಮಳೆ ನಿಂತ ಮರುದಿನವೇ ಹಾಳೆ ಹರಿದು ಬರೆದು ಕಚೇರಿಯ ಬಾಗಿಲಿಗೆ ಹೋಗಿದ್ದ. ಅವನ ಭಾಷೆ ಸಮಯಕ್ಕೆ ಸರಿಯಾಗಿ ತಲುಪಿತ್ತು. ನನ್ನ ಭಾಷೆ ತಲುಪುವಷ್ಟರಲ್ಲಿ 72 ಗಂಟೆ ಮೂರು ಸಲ ಮುಗಿದಿತ್ತು.

ಎರಡು ತಿಂಗಳ ಮೇಲೆ ಹಿಂಬರಹ ಬಂತು. ಕಾಕಾನಿಗೆ ಬರೆಸಿದ ವಿನಯದಲ್ಲಿ ಹಿಡಿಯಷ್ಟಾದರೂ ತಿರುಗಿ ಬಂದೀತು ಅಂತ ಹುಡುಕಿದೆ. ಮಾನ್ಯರೇ ಇರಲಿಲ್ಲ. ಕಳಕಳಿ ಇರಲಿಲ್ಲ. ಇದ್ದದ್ದು ಇದು: "ಸದರಿ ಅರ್ಜಿದಾರರ ಮನವಿಯನ್ನು ಪರಿಶೀಲಿಸಲಾಗಿ, ಬೆಳೆ ಸಮೀಕ್ಷೆಯ ದತ್ತಾಂಶದಂತೆ ಮೆಕ್ಕೆಜೋಳ ದಾಖಲಾಗಿರುವುದು ಕಂಡುಬಂದಿರುತ್ತದೆ. ಆದ್ದರಿಂದ ಹೆಸರು ಬೆಳೆಯ ಹಾನಿಗೆ ಸಂಬಂಧಿಸಿದ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲವೆಂದು ಹಿಂಬರಹ ನೀಡಲಾಗಿದೆ."

ದಾಖಲೆ ತಪ್ಪಾಗಿದೆ ಅಂತ ದೂರಿದರೆ, ದಾಖಲೆಯನ್ನೇ ನೋಡಿ, ದಾಖಲೆಯ ಪ್ರಕಾರ ದಾಖಲೆ ಸರಿಯಾಗಿದೆ ಅಂದರು. ಕಳ್ಳನನ್ನೇ ಪಂಚ ಮಾಡಿದ ಹಾಗೆ. ಹೋಗಲಿ, ಮೆಕ್ಕೆಜೋಳವೇ ಅಂದುಕೊಳ್ಳಿ. ಅದೂ ಅದೇ ಮಳೆಯಲ್ಲಿ ತಾನೆ ನಿಂತಿದ್ದು?

ಕಾಕಾ ಹಿಂಬರಹವನ್ನು ಮಡಚಿ ಜೇಬಿಗಿಟ್ಟ. "ಮಾಸ್ತರ, ನಿಮ್ಮ ಅರ್ಜಿನೂ ಇದನ್ನೂ ಒಬ್ಬನ ಬರದಂಗ ಐತಿ ನೋಡ್ರಿ" ಅಂದ. ಬೈದನೋ ಹೊಗಳಿದನೋ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ನಟಿಸಿದೆ.

ಮತ್ತೊಂದು ಮನವಿ ಕೊಟ್ಟೆವು. ಈ ಸಲ ಬರೆದವನು ಕಾಕಾ. "ಬಂದು ಹೊಲ ನೋಡ್ರಿ" ಅಂತ ಮೂರೇ ಪದ. ಶಾಖೆಯಲ್ಲಿ ತಮ್ಮ ಬದಲಾಗಿದ್ದ, ಹೊಸಬನಿಗೆ ಭಾಷೆ ಗೊತ್ತಿರಲಿಲ್ಲ, ತೆಗೆದುಕೊಂಡುಬಿಟ್ಟ. ನವೆಂಬರ್ ಕೊನೆಗೆ ಕಂದಾಯದವರು, ಕೃಷಿಯವರು ಜಂಟಿಯಾಗಿ ಬಂದರು. ಜೀಪಿನಿಂದ ಇಳಿದರು ಕೂಡ. ಹೊಲದೊಳಗೆ ಹತ್ತು ಹೆಜ್ಜೆ ನಡೆದು ಫೋಟೊ ತೆಗೆದರು. ಕೊಳೆತ ಹೆಸರನ್ನು ಮಣ್ಣಿಗೆ ಹೊಡೆದು ಅಕ್ಟೋಬರಿನಲ್ಲೇ ಕಾಕಾ ಹಿಂಗಾರಿಗೆ ಕಡಲೆ ಬಿತ್ತಿದ್ದ. ಸಾಲ ಮಾಡಿ ಬಿತ್ತಿದ್ದ, ಸಾಲು ನೆಟ್ಟಗಿತ್ತು. ಗೇಣೆತ್ತರ ಎದ್ದು, ಅಲ್ಲಲ್ಲಿ ಹೂವಿಗೆ ಬಂದಿತ್ತು.

ವರದಿಯಲ್ಲಿ ಬರೆದರು: "ಸ್ಥಳ ಪರಿಶೀಲನೆ ಕಾಲಕ್ಕೆ ಸದರಿ ಜಮೀನಿನಲ್ಲಿ ಬೆಳೆಯು ಉತ್ತಮ ಸ್ಥಿತಿಯಲ್ಲಿರುವುದು ಕಂಡುಬಂದಿರುತ್ತದೆ."